ಊಟದ ಮೇಜಿನ ನಡುವೆ ಒಂದು ಹಿತ್ತಾಳೆ ಬೋಗುಣಿ

ಹಬ್ಬದ ಊಟದ ಮೇಜನ್ನು ಸಿಂಗರಿಸಿದ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಕಾಣುವುದಿಲ್ಲ: ಬಡಿಸುವವರ ಕೈ. ನಮ್ಮ ಮನೆಗಳಲ್ಲಿ ಮೇಜಿನ ಮೇಲೆ ಎಲೆ ಹಾಕಿದರೂ ತಟ್ಟೆ ಇಟ್ಟರೂ ಒಬ್ಬರಾದರೂ ನಿಂತು ಬಡಿಸುತ್ತಾರೆ. ಹುಳಿಯ ಸೌಟು, ತುಪ್ಪದ ಗಿಂಡಿ, ಹೋಳಿಗೆಯ ತಟ್ಟೆ ಎಲ್ಲವೂ ಕೂತವರ ಭುಜದ ಪಕ್ಕದಿಂದ ಬಂದು ಮೇಜಿನ ನಡುವೆ ಹಾದು ಆಚೆ ಬದಿಗೆ ಹೋಗುತ್ತವೆ. ಕೈಯ ಜೊತೆಗೆ ಸೆರಗು ಹೋಗುತ್ತದೆ, ಜುಬ್ಬದ ತೋಳು ಹೋಗುತ್ತದೆ. ಆ ದಾರಿಯಲ್ಲಿ ನೀವು ಬೆಂಕಿ ಇಡುತ್ತಿದ್ದೀರಿ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಹೂವಿನ ಬಣ್ಣದ ಮಾತಿಗೆ ಬರಬೇಕು.

ಅಗಲವಾದ, ತಗ್ಗಾದ ಉರುಳಿಗೆ ಅಂಚಿನವರೆಗೆ ನೀರು ತುಂಬಿ, ಹೂ ಹರಡಿ, ಮೇಣದಬತ್ತಿ ತೇಲಿಬಿಡುವುದು ಈಗ ಎಲ್ಲೆಲ್ಲೂ ರೂಢಿ. ಅದು ಬಾಗಿಲ ಬಳಿ ಚೆನ್ನ, ಹಜಾರದ ಮೂಲೆಯಲ್ಲಿ ಚೆನ್ನ. ಊಟದ ಮೇಜಿಗೆ ಮಾತ್ರ ಅದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಉರಿ ಪಾತ್ರೆಯ ಅಂಚಿಗಿಂತ ಮೇಲಿರುತ್ತದೆ. ಊಟದ ಮೇಜಿಗೆ ಬೇಕಾದ್ದು ಉರಿ ಅಂಚಿನ ಒಳಗೇ ಅಡಗುವಷ್ಟು ಆಳದ ಪಾತ್ರೆ. ಹಳೆಯ ಹಿತ್ತಾಳೆ ಬೋಗುಣಿ ಇದಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು ಲಾಭವೂ ಉಂಟು: ಉರಿ ಕೆಳಗಿದ್ದಾಗ ಬೆಳಕು ಬೋಗುಣಿಯ ಒಳಮೈಗೆ ಬಡಿದು, ಬಂಗಾರದ ಬಣ್ಣ ಹೊತ್ತು ಮೇಲಕ್ಕೆ ಬರುತ್ತದೆ. ಸುತ್ತ ಕೂತವರ ಕಣ್ಣಿಗೆ ನೇರ ಉರಿ ಚುಚ್ಚುವುದಿಲ್ಲ.

ಬಲಿಪಾಡ್ಯಮಿಯ ರಾತ್ರಿ ಆರು ಜನರ ಊಟ ಎಂದಿಟ್ಟುಕೊಂಡು ಇದನ್ನು ಮಾಡಿ ನೋಡೋಣ. ಮೇಜು ಐದು ಅಡಿ ಉದ್ದ, ಮೂರು ಅಡಿ ಅಗಲ. ಉದ್ದದ ಎರಡು ಬದಿಯಲ್ಲಿ ಇಬ್ಬಿಬ್ಬರು, ಎರಡು ತುದಿಯಲ್ಲಿ ಒಬ್ಬೊಬ್ಬರು. ತಟ್ಟೆ ಇಟ್ಟರೆ ಪ್ರತಿಯೊಬ್ಬರ ಮುಂದೆ ಒಂದು ಅಡಿ ಜಾಗ ಹೋಗುತ್ತದೆ. ಉಳಿಯುವುದು ನಡುವಿನಲ್ಲಿ ಒಂದು ಅಡಿ ಅಗಲ, ಮೂರು ಅಡಿ ಉದ್ದದ ಪಟ್ಟಿ. ಅದರ ಸರಿಮಧ್ಯದ ಒಂದು ಅಡಿ ಬೋಗುಣಿಗೆ. ಎಡಕ್ಕೊಂದು ಅಡಿ, ಬಲಕ್ಕೊಂದು ಅಡಿ ಅನ್ನ, ಪಲ್ಯ, ಕೋಸಂಬರಿಗೆ. ಬಿಸಿ ಹುಳಿ, ಸಾರು, ಪಾಯಸ ಪಕ್ಕದ ಸಣ್ಣ ಮೇಜಿನ ಮೇಲಿದ್ದು ಅಲ್ಲಿಂದಲೇ ಬಡಿಸುವಂತಾಗಬೇಕು. ಹೀಗೆ ಲೆಕ್ಕ ಹಾಕಿದರೆ ಬೋಗುಣಿಯ ಬಾಯಿ ಹತ್ತು ಅಂಗುಲ, ಅಂದರೆ 25 ಸೆಂಟಿಮೀಟರ್ ಮೀರಬಾರದು. ಆಳ ಐದು ಅಂಗುಲದ ಆಸುಪಾಸು. ನಿಮ್ಮ ಮೇಜು ಎರಡೂವರೆ ಅಡಿ ಅಗಲದ, ನಾಲ್ಕು ಜನರ ಮೇಜಾದರೆ ನಡುವೆ ಏನನ್ನೂ ಇಡಬೇಡಿ. ಬೋಗುಣಿಯನ್ನು ಬಡಿಸುವ ಮೇಜಿನ ಆಚೆಗೆ, ಯಾರ ಕೈಗೂ ತಾಗದ ಕಡೆ ಇಟ್ಟರೂ ಊಟದ ಕೋಣೆ ತುಂಬುತ್ತದೆ.

ಪಾತ್ರೆ ಆರಿಸುವಾಗ ಒಳಗಡೆ ನೋಡಬೇಕು. ಅಡುಗೆಗೆ ಬಳಸುತ್ತಿದ್ದ ಹಿತ್ತಾಳೆ ಪಾತ್ರೆಗಳಿಗೆ ಒಳಮೈಗೆ ಕಲಾಯಿ ಹಾಕಿಸಿರುತ್ತಾರೆ. ಕಲಾಯಿ ಎಂದರೆ ತವರದ ತೆಳು ಲೇಪ. ಹುಳಿ ಪದಾರ್ಥ ಹಿತ್ತಾಳೆಗೆ ತಾಗಿ ಕಿಲುಬು ಏಳದಿರಲೆಂದು ಮಾಡುವ ವ್ಯವಸ್ಥೆ ಅದು. ಅದರ ಬಣ್ಣ ಮಂಕು ಬಿಳಿ. ಅದರೊಳಗೆ ದೀಪ ಇಟ್ಟರೆ ಬಂಗಾರದ ಬೆಳಕು ಬರುವುದಿಲ್ಲ, ಸ್ಟೀಲ್ ಪಾತ್ರೆಯಲ್ಲಿ ಇಟ್ಟಂತೆಯೇ ಕಾಣುತ್ತದೆ. ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದರೆ ಕಲಾಯಿ ಸವೆದು ಅಡುಗೆಯ ಪಾತ್ರೆಯೂ ಕೆಡುತ್ತದೆ. ಆದ್ದರಿಂದ ಕಲಾಯಿ ಇಲ್ಲದ, ನೀರಿಗೋ ಧಾನ್ಯ ಅಳೆಯುವುದಕ್ಕೋ ಬಳಸುತ್ತಿದ್ದ ಪಾತ್ರೆ ಹುಡುಕಿ. ಹೊಸದಾಗಿ ಅಂಗಡಿಯಿಂದ ತಂದ ಅಲಂಕಾರದ ಪಾತ್ರೆಗೆ ಮೇಲೆ ಪಾರದರ್ಶಕ ವಾರ್ನಿಷ್ ಬಳಿದಿರಬಹುದು. ಅದಕ್ಕೆ ಹುಣಸೆಹಣ್ಣು ಹತ್ತುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ದೇವರ ಮನೆಯ ಪಾತ್ರೆ ತರಬೇಡಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. "ಎಂಜಲು ಕೈ ಆಡೋ ಕಡೆ ಪೂಜೆ ಸಾಮಾನು ಯಾಕಮ್ಮ ತರ್ತೀಯ" ಎಂದು ಮನೆಯ ಹಿರಿಯರು ಕೇಳಿದರೆ ಆ ಮಾತು ನ್ಯಾಯವಾದದ್ದೇ. ಪೂಜೆಯ ಸಾಮಾನು ಪೂಜೆಗೆ, ಅಡುಗೆಮನೆಯ ಪಾತ್ರೆ ಊಟದ ಮನೆಗೆ. ಎಣ್ಣೆಯ ಹಣತೆಯ ಬದಲು ಮೇಜಿನ ಮೇಲೆ ಮೇಣದಬತ್ತಿ ಇಡುವುದಕ್ಕೆ ಇದೂ ಒಂದು ಕಾರಣ. ಹಬ್ಬದ ದೀಪ ಹೊಸ್ತಿಲಲ್ಲಿ, ತುಳಸಿಕಟ್ಟೆಯಲ್ಲಿ ಉರಿಯುತ್ತಿರಲಿ. ಮೇಜಿನ ಮೇಲಿನದು ಊಟದ ಬೆಳಕು.

ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದ ದಿನ, ಬಚ್ಚಲ ಹಂಡೆ ತಿಕ್ಕುವಾಗಲೇ ಈ ಬೋಗುಣಿಯನ್ನೂ ತಿಕ್ಕಿಡಬಹುದು. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಕಿವುಚಿ, ಒಂದು ಚಮಚ ಉಪ್ಪು ಬೆರೆಸಿ ಒಳಗೂ ಹೊರಗೂ ಬಳಿಯಿರಿ. ಐದು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿ. ಇಲ್ಲಿ ಅವಸರ ಬೇಕು, ನಿಧಾನ ಬೇಡ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಣಸೆಯ ಹುಳಿ ಮೇಲಿನ ಕಪ್ಪನ್ನು ಕರಗಿಸಿದ ಮೇಲೂ ಹಾಗೇ ಬಿಟ್ಟರೆ ಸತುವನ್ನೂ ಎಳೆಯತೊಡಗುತ್ತದೆ. ಆಗ ತಾಮ್ರ ಉಳಿದು ಅಲ್ಲಲ್ಲಿ ನಸುಗೆಂಪು ಮಚ್ಚೆ ಏಳುತ್ತದೆ. ಪಾತ್ರೆ ಹಳದಿಯಾಗಿ ಹೊಳೆಯುವ ಬದಲು ಕೆಂಪಗೆ ಕಂಡರೆ ಹುಳಿ ಹೆಚ್ಚು ಹೊತ್ತು ಕೂತಿದೆ ಎಂದರ್ಥ. ಒಣ ಬೂದಿಯಿಂದಲೋ ಸಬೀನ ಪುಡಿಯಿಂದಲೋ ಮತ್ತೆ ಉಜ್ಜಿದರೆ ಹೆಚ್ಚಿನದು ಹೋಗುತ್ತದೆ. ಕೊನೆಗೆ ಧಾರಾಳ ನೀರಲ್ಲಿ ತೊಳೆದು ತಕ್ಷಣ ಒಣಬಟ್ಟೆಯಿಂದ ಒರೆಸಬೇಕು. ತಾನಾಗಿ ಆರಲಿ ಎಂದು ಬೋರಲು ಹಾಕಿದರೆ ಬೆಳಿಗ್ಗೆ ಹನಿ ಹನಿಯ ಕಲೆ ಕೂತಿರುತ್ತದೆ. ಹೊರಮೈ ಸ್ವಲ್ಪ ಮಾಸಿದ್ದರೂ ನಡೆಯುತ್ತದೆ. ಬೆಳಕು ಕೊಡುವುದು ಒಳಮೈ, ಆದ್ದರಿಂದ ತೋಳಿನ ಶಕ್ತಿಯೆಲ್ಲ ಅಲ್ಲಿಗೆ ಹೋಗಲಿ.

ಅದೇ ರಾತ್ರಿ ಪಾತ್ರೆಗೆ ನೀರು ತುಂಬಿ ಹಳೆ ಪತ್ರಿಕೆಯ ಮೇಲಿಡಿ. ಹಳೆಯ ಪಾತ್ರೆಗಳ ತಳದಲ್ಲಿ ಬೆಸುಗೆ ಬಿಟ್ಟಿರುವುದುಂಟು. ಬೆಳಿಗ್ಗೆ ಪತ್ರಿಕೆ ಒದ್ದೆಯಾಗಿದ್ದರೆ ಬೇರೆ ಪಾತ್ರೆ ನೋಡಿಕೊಳ್ಳಬೇಕು. ಮರದ ಮೇಜಿಗೆ ಬೀಳುವ ನೀರಿನ ಕಲೆ ಸುಲಭಕ್ಕೆ ಹೋಗದು. ಬೋಗುಣಿಯ ತಳ ಉರುಟಾಗಿದ್ದರೆ ಕೆಳಗೆ ಸಿಂಬೆ ಇಡಿ. ಹಳೆಯ ಹತ್ತಿ ಸೀರೆಯ ತುಂಡನ್ನು ಹೊಸೆದು ಸುತ್ತಿದ ಸಿಂಬೆ ಸಾಕು. ಅದರ ಮೇಲೆ ವೀಳ್ಯದೆಲೆಯನ್ನೋ ಮಾವಿನೆಲೆಯನ್ನೋ ತುದಿ ಹೊರಕ್ಕೆ ಮಾಡಿ ಸುತ್ತಲೂ ಜೋಡಿಸಿದರೆ ಬಟ್ಟೆ ಮರೆಯಾಗುತ್ತದೆ. ನೀರು ತುಂಬಿದ ಮೇಲೆ ಅಂಚಿನ ಒಂದು ಕಡೆ ಬೆರಳಿನಿಂದ ಒತ್ತಿ ನೋಡಿ. ಪಾತ್ರೆ ವಾಲಿದರೆ ಸಿಂಬೆಯನ್ನು ಇನ್ನಷ್ಟು ಅಗಲ ಮಾಡಬೇಕು.

ಇನ್ನು ನೀರಿನ ಮೇಲಿನ ಕೆಲಸ. ಹೆಚ್ಚಿನವರ ಶ್ರಮ ಕೆಡುವುದು ಇಲ್ಲಿಯೇ. ಹೂವನ್ನೂ ಮೇಣದಬತ್ತಿಯನ್ನೂ ಚೆಂದವಾಗಿ ಹರಡಿ ಇಟ್ಟಿರುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲವೂ ಒಂದು ಬದಿಗೆ ಬಂದು ಗುಂಪು ಕಟ್ಟಿರುತ್ತವೆ. ಗಾಳಿ ಮಾತ್ರ ಇದಕ್ಕೆ ಕಾರಣವಲ್ಲ. ತೇಲುವ ಪ್ರತಿ ವಸ್ತುವೂ ತನ್ನ ಸುತ್ತಲಿನ ನೀರಿನ ಮೈಯನ್ನು ಸ್ವಲ್ಪ ಬಾಗಿಸುತ್ತದೆ. ಎರಡು ವಸ್ತುಗಳು ಹತ್ತಿರ ಬಂದಾಗ ಆ ಬಾಗು ಒಂದಾಗಿ ಅವನ್ನು ಸೇರಿಸಿಬಿಡುತ್ತದೆ. ನೀರಿಗೆ ಹಾಕಿದ ಮಂಡಕ್ಕಿ ಒಂದಕ್ಕೊಂದು ಅಂಟಿ ಬರುವ ಹಾಗೆ. ಎರಡು ಮೇಣದಬತ್ತಿ ಕೂಡಿದರೆ ಒಂದರ ಕಾವಿಗೆ ಇನ್ನೊಂದರ ಮೇಣ ಕರಗಿ ನೀರಿಗೆ ಹರಿಯುತ್ತದೆ. ಒಂದು ಹೂವು ಉರಿಯ ಪಕ್ಕ ಬಂದರೆ ದಳ ಸುಟ್ಟು ಊಟದ ನಡುವೆ ಕಮಟು ವಾಸನೆ ಏಳುತ್ತದೆ. ಹೀಗಾಗಿ ನೀರಿನ ಮೇಲೆ ಯಾವುದಕ್ಕೂ ಓಡಾಡಲು ಜಾಗವೇ ಇರದಂತೆ ಮಾಡುವುದೇ ಉಪಾಯ.

ಇದಕ್ಕೆ ನಾನು ನೆಚ್ಚುವುದು ಬಾಳೆಯ ದಿಂಡನ್ನು. ಹಬ್ಬಕ್ಕೆ ಬಾಗಿಲಿಗೆ ಕಟ್ಟಲು ತರುವ ಬಾಳೆ ಕಂದಿನ ಕಾಂಡ ಸುಮಾರು ಮೂರು ಅಂಗುಲ ದಪ್ಪ ಇರುತ್ತದೆ. ಕಟ್ಟಿ ಮಿಕ್ಕ ಬುಡದ ಭಾಗದಿಂದ ಒಂದೊಂದು ಅಂಗುಲ ದಪ್ಪದ ಮೂರು ಬಿಲ್ಲೆ ಕೊಯ್ಯಿರಿ. ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಬಾಳೆಯ ಕರೆ ಹತ್ತುವುದಿಲ್ಲ. ಬಟ್ಟೆಗೆ ತಾಗಿದ ಬಾಳೆ ಕರೆ ಹೋಗುವುದು ಕಷ್ಟ, ಆದ್ದರಿಂದ ಹಬ್ಬದ ಸೀರೆ ಉಡುವ ಮೊದಲೇ ಈ ಕೆಲಸ ಮುಗಿಯಲಿ. ಬಿಲ್ಲೆಯ ಪದರಗಳು ಬಿಚ್ಚಿಕೊಳ್ಳದಂತೆ ಪಕ್ಕದಿಂದ ಎರಡು ತೆಂಗಿನ ಕಡ್ಡಿಯನ್ನು ಅಡ್ಡಡ್ಡ ಚುಚ್ಚಿ ಹೊರಗುಳಿದ ತುದಿ ಮುರಿಯಿರಿ. ನಡುವೆ ಚಮಚದಿಂದ ಮೇಣದಬತ್ತಿಯ ಅಳತೆಗೆ, ಕಡ್ಡಿಗೆ ತಾಗದಂತೆ ಅರ್ಧ ಅಂಗುಲದಷ್ಟು ಕೆರೆದು ಗುಳಿ ಮಾಡಿ. ಕೊಯ್ದ ಮುಖ ಕೆಲವು ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಪಲ್ಯಕ್ಕೆ ಹೆಚ್ಚಿದ ದಿಂಡನ್ನು ಮಜ್ಜಿಗೆ ನೀರಲ್ಲಿ ಹಾಕುತ್ತೇವಲ್ಲ, ಅದೇ ರೀತಿ ಬಿಲ್ಲೆಗಳನ್ನೂ ಮಜ್ಜಿಗೆ ನೀರಲ್ಲಿ ಮುಳುಗಿಸಿಟ್ಟು, ಊಟಕ್ಕೆ ಒಂದು ಗಂಟೆ ಇರುವಾಗ ತೊಳೆದುಕೊಂಡರೆ ಬೆಳ್ಳಗೇ ಇರುತ್ತವೆ.

ಅಳತೆ ಹೇಗೆ ಕೂಡಿಬರುತ್ತದೆ ನೋಡಿ. ಮೂರು ಅಂಗುಲದ ಮೂರು ಬಿಲ್ಲೆಗಳನ್ನು ತ್ರಿಕೋನವಾಗಿ ಒಂದಕ್ಕೊಂದು ತಾಗಿಸಿಟ್ಟರೆ ಅವು ಸುಮಾರು ಆರೂವರೆ ಅಂಗುಲದ ವೃತ್ತದಲ್ಲಿ ಕೂರುತ್ತವೆ. ಹತ್ತು ಅಂಗುಲದ ಬೋಗುಣಿಯಲ್ಲಿ ಸುತ್ತಲೂ ಒಂದೂವರೆ ಅಂಗುಲದಷ್ಟು ಜಾಗ ಮಿಗುತ್ತದೆ. ಒಂದು ಮಧ್ಯಮ ಗಾತ್ರದ ಸೇವಂತಿಗೆಯ ಅಗಲವೂ ಅಷ್ಟೇ. ಬೋಗುಣಿಯ ಗೋಡೆಗೆ ಒತ್ತಿ 15 ಅಥವಾ 16 ಸೇವಂತಿಗೆಯ ಸಾಲು, ಅದರೊಳಗೆ ಮೂರು ಬಿಲ್ಲೆ: ಯಾವುದೂ ಅಲುಗುವುದಿಲ್ಲ. ಉರಿ ಬಿಲ್ಲೆಯ ನಡುವೆ ಇರುವುದರಿಂದ ಹೂವಿಗೂ ಅದಕ್ಕೂ ಒಂದೂವರೆ ಅಂಗುಲದ ಹಸಿ ಬಾಳೆಯ ಅಂತರ ತಾನಾಗಿ ಸಿಗುತ್ತದೆ. ಒಂದು ಉರಿಯಿಂದ ಇನ್ನೊಂದಕ್ಕೆ ಮೂರು ಅಂಗುಲ.

ಹೂವು ಯಾವುದಾದರೂ ಆದೀತು ಎನ್ನಬಾರದು. ಸೇವಂತಿಗೆ ದಟ್ಟ ದಳದ್ದು, ತೊಟ್ಟನ್ನು ಗಿಡ್ಡ ಕತ್ತರಿಸಿದರೆ ಮುಖ ಮೇಲೆ ಮಾಡಿ ತೇಲುತ್ತದೆ, ರಾತ್ರಿಯಿಡೀ ಬಾಡುವುದಿಲ್ಲ. ಕೊಳ್ಳುವಾಗ ನಡುಭಾಗ ನೋಡಿ. ಬಿಗಿಯಾಗಿ, ನಸುಹಸಿರಾಗಿ ಇದ್ದರೆ ಹೊಸ ಹೂ. ನಡುಭಾಗ ಕಪ್ಪಿಟ್ಟು ಹೊರದಳ ಎಳೆದರೆ ಕೈಗೆ ಬರುವುದಾದರೆ ಹಳೆಯದು. ಮಾರುಗಟ್ಟಲೆ ಕಟ್ಟಿದ ಹೂ ಬೇಡ, ಬಿಡಿ ಹೂವೇ ಕಾಲು ಕೆಜಿ ತಂದರೆ ಮಿಗುತ್ತದೆ. ಚೆಂಡುಹೂವೂ ಹೀಗೆಯೇ ತೇಲುತ್ತದೆ, ಬಣ್ಣವೂ ಹಿತ್ತಾಳೆಗೆ ಒಪ್ಪುತ್ತದೆ. ಅದರ ಘಾಟು ಕೆಲವರಿಗೆ ಊಟದ ಹೊತ್ತಿಗೆ ಹಿಡಿಸುವುದಿಲ್ಲ. ಗುಲಾಬಿ ದಳ ಚಿತ್ರದಲ್ಲಿ ಚೆಂದ, ನೀರಿನಲ್ಲಿ ಅದರ ಅಂಚು ಬೇಗ ಕಂದುತ್ತದೆ. ಬಿಡಿ ದಳವಾದ್ದರಿಂದ ಉರಿಯ ಕಡೆಗೆ ಸರಿಯುವುದೂ ಅದೇ ಮೊದಲು. ಮಲ್ಲಿಗೆಯನ್ನು ನೀರಿಗೆ ಹಾಕುವುದು ಹೂವಿಗೆ ಮಾಡುವ ಅನ್ಯಾಯ. ಮೈಸೂರು ಮಲ್ಲಿಗೆಯಾಗಲಿ ಉಡುಪಿ, ಹಡಗಲಿಯದ್ದಾಗಲಿ ನೀರು ತಾಗಿದ ಕಡೆ ಬೇಗ ಕಂದಿಹೋಗುತ್ತದೆ. ಮಲ್ಲಿಗೆ ಬೇಕೇ ಬೇಕೆಂದರೆ ಎರಡು ಮೊಳ ಕಟ್ಟಿದ ಹೂವನ್ನು ಬೋಗುಣಿಯ ಹೊರಗೆ, ಅಂಚಿನ ಕೆಳಗೆ ಸುತ್ತಿ. ಸಂಪಿಗೆ, ಸುಗಂಧರಾಜ, ಸುವಾಸನೆಯ ಮೇಣದಬತ್ತಿ ಈ ಮೂರನ್ನೂ ಊಟದ ಮೇಜಿನಿಂದ ದೂರ ಇಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ಏಳುವ ಘಮವನ್ನು ಬೇರೆ ಯಾವುದೂ ಮರೆಮಾಡಬಾರದು.

ಕಣಗಿಲೆ ಮಾತ್ರ ಖಂಡಿತ ಬೇಡ. ಪೂಜೆಯ ಹೂವಿನ ಜೊತೆ ಕೆಂಪು, ಹಳದಿ ಕಣಗಿಲೆ ಮನೆಗೆ ಬರುವುದು ಸಹಜ. ಬಣ್ಣವೂ ಸೊಗಸು. ಅದರ ಹೂವು, ಎಲೆ, ಹಾಲು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುವಂಥದ್ದು. ಎಕ್ಕ, ಉಮ್ಮತ್ತಿಯೂ ಇದೇ ಸಾಲಿಗೆ ಸೇರಿದವು. ಮಕ್ಕಳು ಕೂತು ಊಟ ಮಾಡುವ, ಪಲ್ಯದ ಪಾತ್ರೆ ಒಂದು ಗೇಣು ದೂರದಲ್ಲಿರುವ ಮೇಜಿನ ಮೇಲೆ ಇವಕ್ಕೆ ಜಾಗವಿಲ್ಲ. ಸೇವಂತಿಗೆಗೂ ತೋಟದಲ್ಲಿ ಔಷಧಿ ಹೊಡೆದಿರುತ್ತಾರೆ. ಆದ್ದರಿಂದ ತಂದ ಹೂವನ್ನು ಎರಡು ನೀರಲ್ಲಿ ಅದ್ದಿ ತೆಗೆದು, ಪತ್ರಿಕೆಯ ಮೇಲೆ ಮುಖ ಕೆಳಗೆ ಮಾಡಿ ಅರ್ಧ ಗಂಟೆ ಬಿಡಿ. ನೀರು ಇಳಿಯುವುದರ ಜೊತೆಗೆ ದಳದೊಳಗೆ ಅಡಗಿದ ಸಣ್ಣ ಹುಳುಗಳೂ ಹೊರಬರುತ್ತವೆ. ಇದನ್ನು ಮಾಡದಿದ್ದರೆ ದೀಪದ ಬಿಸಿ ತಾಗಿದೊಡನೆ ಅವು ಊಟದ ನಡುವೆಯೇ ಹೊರಟು ಬರುತ್ತವೆ.

ಮೇಣದಬತ್ತಿ ನಾಲ್ಕು ಸೆಂಟಿಮೀಟರ್ ಅಗಲದ, ಸಾದಾ ದುಂಡನೆಯ, ತೇಲುವ ಬಗೆಯದು ಇರಲಿ. ತಾವರೆ, ನಕ್ಷತ್ರದ ಆಕಾರದವುಗಳ ಅಂಚು ತೆಳುವಾಗಿದ್ದು ಬೇಗ ಒಡೆದು ಮೇಣ ಸೋರುತ್ತದೆ. ಅಲ್ಯೂಮಿನಿಯಂ ಬಟ್ಟಲಿನ ಟೀ ಲೈಟ್ ಕೂಡ ಈ ಗುಳಿಯಲ್ಲಿ ಚೆನ್ನಾಗಿ ಕೂರುತ್ತದೆ, ಕರಗಿದ ಮೇಣ ಬಟ್ಟಲಲ್ಲೇ ಉಳಿಯುತ್ತದೆ. ಸಾಮಾನ್ಯ ಟೀ ಲೈಟ್ ಮೂರು ನಾಲ್ಕು ಗಂಟೆ ಉರಿಯುವುದರಿಂದ ಊಟ ಎಷ್ಟು ನಿಧಾನವಾದರೂ ಸಾಲುತ್ತದೆ. ದಾರವನ್ನು ಅರ್ಧ ಸೆಂಟಿಮೀಟರ್‌ಗೆ ಕತ್ತರಿಸಿ. ದಾರ ಉದ್ದವಿದ್ದರೆ ಉರಿ ಎತ್ತರವಾಗಿ ಕರಿ ಹೊಗೆ ಬಿಡುತ್ತದೆ, ತಿಕ್ಕಿ ತಿಕ್ಕಿ ಹೊಳೆಸಿದ ಗೋಡೆಗೆ ಮಸಿ ಹತ್ತುತ್ತದೆ.

ಜೋಡಿಸುವ ಕ್ರಮ ಹೀಗೆ. ಖಾಲಿ ಬೋಗುಣಿಯನ್ನು ಮೊದಲು ಮೇಜಿನ ಮೇಲೆ, ಅದರ ಜಾಗದಲ್ಲೇ ಸಿಂಬೆಯ ಮೇಲೆ ಕೂರಿಸಿ. ಆಮೇಲೆ ತಂಬಿಗೆಯಿಂದ ನೀರು ಹಾಕಿ. ಅರ್ಧ ಆಳಕ್ಕೆ ಸುಮಾರು ಎರಡೂವರೆ ಲೀಟರ್ ಹಿಡಿಯುತ್ತದೆ, ಪಾತ್ರೆಯ ತೂಕವೂ ಸೇರಿದರೆ ತುಂಬಿದ್ದನ್ನು ತುಳುಕಿಸದೆ ಹೊತ್ತು ತರುವುದು ಕಷ್ಟ. ಬೋರ್‌ವೆಲ್‌ನ ಗಡಸು ನೀರು ಬಿಳಿ ಗೆರೆ ಬಿಡುತ್ತದೆ, ಕುಡಿಯಲು ಸೋಸಿದ ನೀರೇ ಒಳ್ಳೆಯದು. ನೀರಾದ ಮೇಲೆ ಸೇವಂತಿಗೆಯ ಸುತ್ತು, ಆಮೇಲೆ ಮೂರು ಬಿಲ್ಲೆ. ಒಂದು ಬಿಲ್ಲೆ ವಾಲಿದರೆ ಅದರ ದಪ್ಪ ಒಂದೇ ಸಮ ಇಲ್ಲವೆಂದು ತಿಳಿದು ಮೇಲೆದ್ದ ಬದಿಯ ತಳವನ್ನು ಸ್ವಲ್ಪ ಹೆರೆಯಿರಿ. ಮೇಣದಬತ್ತಿ ಕೊನೆಗೆ, ಒಣ ಕೈಯಲ್ಲಿ. ದಾರಕ್ಕೆ ಒಂದು ಹನಿ ನೀರು ತಾಗಿದರೂ ಹಚ್ಚುವಾಗ ಚಟಚಟ ಸಿಡಿದು ಆರಿಹೋಗುತ್ತದೆ. ಹಚ್ಚಲು ಬೆಂಕಿಕಡ್ಡಿಗಿಂತ ಉದ್ದನೆಯ ಊದುಬತ್ತಿ ಅನುಕೂಲ, ಕೈ ಬೋಗುಣಿಯ ಒಳಗೆ ಇಳಿಯಬೇಕಾಗುವುದಿಲ್ಲ. ಹಚ್ಚಿದ ಮೇಲೆ ಬೋಗುಣಿಯ ಬಾಯಿಗೆ ಅಡ್ಡಲಾಗಿ ಒಂದು ಉದ್ದ ಸೌಟಿನ ಹಿಡಿ ಹಿಡಿದು ನೋಡಿ. ಉರಿಯ ತುದಿ ಹಿಡಿಗಿಂತ ಒಂದು ಅಂಗುಲವಾದರೂ ಕೆಳಗಿರಬೇಕು. ಇಲ್ಲದಿದ್ದರೆ ಒಂದೆರಡು ಲೋಟ ನೀರು ತೆಗೆಯಿರಿ. ಆರೂ ಕುರ್ಚಿಯಲ್ಲಿ ಒಮ್ಮೊಮ್ಮೆ ಕೂತು ನೋಡುವುದೂ ಒಳ್ಳೆಯದು. ದೊಡ್ಡವರ ಎತ್ತರಕ್ಕೆ ಮೂರು ಉರಿಯೂ ಆಚೆ ಗೋಡೆಯ ಹೊಳಪೂ ಕಾಣಬೇಕು. ಪುಟ್ಟ ಮಕ್ಕಳಿಗೆ ಹೊಳಪು ಮಾತ್ರ ಕಾಣುತ್ತದೆ, ಅವರನ್ನು ಕುರ್ಚಿಯ ಮೇಲೆ ನಿಲ್ಲಲು ಬಿಡಬೇಡಿ.

ಸೀಲಿಂಗ್ ಫ್ಯಾನ್ ಆಫ್ ಆಗಿರಲಿ. ದೀಪಾವಳಿಯ ಹೊತ್ತಿಗೆ ಬಹುತೇಕ ಕಡೆ ರಾತ್ರಿ ತಂಪಿರುವುದರಿಂದ ಇದು ಕಷ್ಟವಲ್ಲ. ಕಲಬುರಗಿ, ಮಂಗಳೂರಿನಂಥ ಕಡೆ ಸೆಕೆಯಾದರೆ ಕೋಣೆಯ ಮೂಲೆಯ ಫ್ಯಾನನ್ನು ಗೋಡೆಗೆ ತಿರುಗಿಸಿ ಹಾಕಿ. ಉರಿ ಒಂದೇ ಕಡೆಗೆ ಬಾಗುತ್ತಿದ್ದರೆ, ಮೇಣದಬತ್ತಿ ಒಂದು ಬದಿ ಮಾತ್ರ ಕರಗುತ್ತಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದು ತಿಳಿಯಬೇಕು. ಕಿಟಕಿಯ ಒಂದು ಬಾಗಿಲು ಮುಚ್ಚಿದರೆ ಸರಿಹೋಗುತ್ತದೆ. ಹಪ್ಪಳ, ಸಂಡಿಗೆಯ ಬುಟ್ಟಿಯನ್ನು ಬೋಗುಣಿಯ ಆಚೆಗೆ ಇಡಬೇಡಿ. ಎಲ್ಲರೂ ತಾವಾಗಿ ಕೈ ಚಾಚುವುದು ಅದಕ್ಕೇ.

ಊಟವಾದ ಮೇಲೆ ಬಾಯಿಂದ ಊದಿ ಆರಿಸಬೇಡಿ. ಹಿರಿಯರಿಗೆ ಅದು ಸರಿಬರುವುದಿಲ್ಲ. ಊದಿದರೆ ಬಿಸಿ ಮೇಣ ಹನಿಯಾಗಿ ಸಿಡಿಯುತ್ತದೆ, ಆರಿದ ದಾರದ ಹೊಗೆ ತಾಂಬೂಲದ ಹೊತ್ತನ್ನು ಕೆಡಿಸುತ್ತದೆ. ಒಂದು ಚಮಚದ ತುದಿಯಿಂದ ದಾರವನ್ನು ಕರಗಿದ ಮೇಣದೊಳಗೆ ಒತ್ತಿ, ತಕ್ಷಣ ಮೇಲೆತ್ತಿ ನಿಲ್ಲಿಸಿ. ಹೊಗೆ ಏಳುವುದಿಲ್ಲ, ಮಾರನೆಯ ರಾತ್ರಿಗೆ ಅದೇ ಬತ್ತಿ ಹಚ್ಚಲೂ ಬರುತ್ತದೆ.

ನೀರನ್ನು ಅದೇ ರಾತ್ರಿ ಖಾಲಿ ಮಾಡಬೇಕು, ಎಷ್ಟೇ ದಣಿದಿದ್ದರೂ. ಹೂವಿನ ರಸ ಇಳಿದ ನೀರು ಬೆಳಗಿನವರೆಗೆ ನಿಂತರೆ ನೀರಿನ ಮಟ್ಟದಲ್ಲಿ ಹಸಿರು ಕಿಲುಬಿನ ಉಂಗುರ ಕೂರುತ್ತದೆ. ತೇಲುತ್ತಿರುವ ಮೇಣದ ಚೂರುಗಳನ್ನು ಮೊದಲು ಜರಡಿಯಲ್ಲಿ ಎತ್ತಿಬಿಡಿ. ಸಿಂಕಿಗೆ ಹೋದರೆ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಗೋಡೆಗೆ ಅಂಟಿದ ಮೇಣವನ್ನು ಚಾಕುವಿನಿಂದ ಕೆರೆದರೆ ಗೀರು ಬೀಳುತ್ತದೆ. ಬೋಗುಣಿಯನ್ನು ಅಂಗಳದಲ್ಲಿಟ್ಟು ಕುದಿನೀರು ಹುಯ್ದು ಹಳೆಯ ಬಟ್ಟೆಯಿಂದ ಒರೆಸಿ. ಮೇಣ ತಾಗದ ಹೂವೂ ಬಾಳೆಯ ಬಿಲ್ಲೆಯೂ ಕಡ್ಡಿ ತೆಗೆದು ಗೊಬ್ಬರದ ಗುಂಡಿಗೆ ಹೋಗಲಿ. ಪಾತ್ರೆಯನ್ನು ಒಣಗಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ತುಳಸಿ ಹಬ್ಬಕ್ಕೆ ತೆಗೆಯುವಾಗ ಹುಣಸೆಹಣ್ಣಿನ ಕೆಲಸ ಅರ್ಧದಷ್ಟೂ ಇರುವುದಿಲ್ಲ.